ಐವತ್ತೈದರ ಮೇಜು

ನನ್ನ ಬಳಿ ನಿವೃತ್ತಿಯ ವಿಚಾರ ಕೇಳಲು ಬರುವವರಿಗೆ ನಾನು ಮೊದಲು ಹಾಕುವ ಪ್ರಶ್ನೆ ಒಂದೇ. "ನಿಮಗೆ ನಿವೃತ್ತಿ ಯಾವಾಗ?" ಎಲ್ಲರೂ ಒಂದು ತಾರೀಖು ಹೇಳುತ್ತಾರೆ. ಖಾಸಗಿ ಕಾರ್ಖಾನೆಯಲ್ಲಿ ದುಡಿಯುವವರಿಗೆ ಆ ಉತ್ತರ ಅರ್ಧ ಮಾತ್ರ ಸರಿ. ಅವರ ಪಾಲಿಗೆ ನಿವೃತ್ತಿಯ ತಾರೀಖು ಒಂದಲ್ಲ, ಎರಡು. ಕಂಪನಿ ಮನೆಗೆ ಕಳಿಸುವ ದಿನ ಒಂದು, ಪೆನ್ಶನ್ ಯೋಜನೆ ತನ್ನ ಲೆಕ್ಕ ಮುಗಿಸುವ ದಿನ ಇನ್ನೊಂದು. ಕರ್ನಾಟಕದಲ್ಲಿ 2017ರಲ್ಲಿ ಕಾರ್ಖಾನೆಗಳ ಮಾದರಿ ಸ್ಥಾಯೀ ಆದೇಶ ತಿದ್ದುಪಡಿಯಾಗಿ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿತು. ಭವಿಷ್ಯನಿಧಿ ಇಲಾಖೆಯ ನೌಕರರ ಪೆನ್ಶನ್ ಯೋಜನೆ ಮಾತ್ರ 58ರಲ್ಲೇ ಉಳಿಯಿತು. ಈ ಎರಡು ವರ್ಷದ ಸಂದಿಯಲ್ಲಿ ಏನು ಮಾಡಬೇಕು ಅನ್ನುವುದೇ ಇವತ್ತಿನ ನನ್ನ ಮಾತು. ಸರ್ಕಾರಿ ನೌಕರರ ಲೆಕ್ಕ ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಈ ಭಾಷಣವನ್ನು ನನ್ನಂತೆ ಸಲಹೆ ಹೇಳುವ ಕೆಲಸದಲ್ಲಿರುವವರೂ ಕೇಳುತ್ತಿರಬಹುದು. ಕಾರ್ಮಿಕ ಸಂಘದ ಕಾರ್ಯದರ್ಶಿಗಳು, ತೆರಿಗೆ ಕಾಗದ ತುಂಬಿಕೊಡುವವರು, ಅಂಚೆ ಕಚೇರಿಯ ಏಜೆಂಟರು. ಐವತ್ತೈದು ತುಂಬಿದವರು ಎದುರಿಗೆ ಬಂದು ಕುಳಿತಾಗ ನನ್ನ ಮೇಜಿನ ಮೇಲೆ ಏನೇನು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಒಬ್ಬರ ಕಥೆ ಹಿಡಿದು ಹೇಳುತ್ತೇನೆ.

ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಹೆಸರು ಬೇಡ, ಮೇಲ್ವಿಚಾರಕರು ಅಂತಲೇ ಕರೆಯೋಣ. ಹುಟ್ಟಿದ್ದು 1970ರ ಸೆಪ್ಟೆಂಬರ್ ಆರಂಭದಲ್ಲಿ. 1998ರ ಸೆಪ್ಟೆಂಬರಿನಲ್ಲಿ ಒಂದು ಸಣ್ಣ ಕಾರ್ಖಾನೆಗೆ ಸೇರಿದರು. 2006ರಲ್ಲಿ ಅದನ್ನು ಬಿಟ್ಟು ಈಗಿನ ಕಾರ್ಖಾನೆಗೆ ಬಂದರು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಈಗ ತಿಂಗಳಿಗೆ 30,000 ರೂಪಾಯಿ, ಉಳಿದ ಭತ್ಯೆಗಳು ಸೇರಿದರೆ 45,000. ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯನ್ನೂ ಕರೆದುಕೊಂಡು ಬಂದರು. ಇದು ನಾನೇ ಹಾಕಿರುವ ನಿಯಮ. ಗಂಡ ಒಬ್ಬನೇ ಬಂದರೆ ಮುಂದಿನ ವಾರ ಇಬ್ಬರೂ ಬನ್ನಿ ಎಂದು ವಾಪಸ್ಸು ಕಳಿಸುತ್ತೇನೆ. ಈ ಕಾಗದಗಳ ಅರ್ಧ ಭಾಗವನ್ನು ಮುಂದೊಂದು ದಿನ ಆಕೆಯೇ ಓಡಾಡಿ ಮಾಡಿಸಬೇಕಾಗಬಹುದು.

"ಸಾರ್, ಇನ್ನೂ ಐದು ವರ್ಷ ಇದೆ. ಇಷ್ಟು ಬೇಗ ಬಂದದ್ದಕ್ಕೆ ಇವಳು ನಗ್ತಿದ್ದಾಳೆ" ಅಂದರು.

"ನಿಮಗೆ ಅರವತ್ತಕ್ಕೆ ಐದು ವರ್ಷ ಇದೆ. ಪೆನ್ಶನ್ನಿಗೆ ಮೂರೇ ವರ್ಷ" ಅಂದೆ. ಆಕೆ ನಗು ನಿಲ್ಲಿಸಿದರು.

ನಾನು ಮೊದಲು ಕೇಳಿದ್ದು ಹಣದ ಲೆಕ್ಕವನ್ನಲ್ಲ, ಸೇವೆಯ ಲೆಕ್ಕವನ್ನು. ಯಾಕೆಂದರೆ ಪೆನ್ಶನ್ ಅನ್ನುವುದು ಕೂಡಿಟ್ಟ ಹಣದ ಮೇಲೆ ನಿಂತಿಲ್ಲ. ಪಿಎಫ್ ಪುಸ್ತಕದಲ್ಲಿ ಎಷ್ಟು ಲಕ್ಷ ಇದೆ ಎನ್ನುವುದಕ್ಕೂ ಪೆನ್ಶನ್ನಿಗೂ ಸಂಬಂಧವಿಲ್ಲ. ಪೆನ್ಶನ್ ಸೂತ್ರ ಬಹಳ ಸರಳ. ಪೆನ್ಶನ್ನಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. ಸಂಬಳ ಅಂದರೆ ಕೊನೆಯ 60 ತಿಂಗಳ ಸರಾಸರಿ. ಆದರೆ ಅದಕ್ಕೊಂದು ಮಿತಿ ಇದೆ. 2014ರ ಸೆಪ್ಟೆಂಬರ್ 1ರಿಂದ ಆ ಮಿತಿ 15,000 ರೂಪಾಯಿ, ಅದಕ್ಕೆ ಹಿಂದಿನ ಸೇವೆಗೆ 6,500. ನಮ್ಮ ಮೇಲ್ವಿಚಾರಕರ ಸಂಬಳ 30,000 ಇದ್ದರೂ ಪೆನ್ಶನ್ ಯೋಜನೆಯ ಕಣ್ಣಿಗೆ ಅದು 15,000 ಮಾತ್ರ. ಹೆಚ್ಚಿನ ಸಂಬಳದ ಮೇಲೆ ಪೆನ್ಶನ್ ಕೇಳುವ ಅವಕಾಶ 2022ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಲ್ಪ ಕಾಲ ತೆರೆದಿತ್ತು. 2023ರ ಜುಲೈನಲ್ಲಿ ಮುಚ್ಚಿತು. ಅದಕ್ಕೆ ಅರ್ಜಿ ಹಾಕದವರು ಈಗ ಅದನ್ನು ಮರೆಯುವುದೇ ಒಳ್ಳೆಯದು.

ಸಂಬಳ ಹೀಗೆ ಕಟ್ಟಿಹಾಕಿರುವಾಗ ಸೂತ್ರದಲ್ಲಿ ಉಳಿದದ್ದು ಸೇವೆಯ ವರ್ಷ ಒಂದೇ. ಅಲ್ಲೇ ತೂತು ಇರುವುದು.

ಮೊಬೈಲಿನಲ್ಲಿ ಅವರ ಪಿಎಫ್ ಪಾಸ್‌ಬುಕ್ ತೆಗೆಸಿದೆ. 2006ರಿಂದ ಈಚಿನದು ಮಾತ್ರ ಇತ್ತು. ಮೊದಲ ಕಾರ್ಖಾನೆಯ ಎಂಟು ವರ್ಷ ಎಲ್ಲೂ ಇಲ್ಲ.

"ಆ ಹಣ ತೆಗೆದಿರಾ?"

"ಇಲ್ಲ ಸಾರ್. ಆಗ ಫಾರಂ ಕೊಟ್ಟಿದ್ರು, ನಾನು ತುಂಬಲೇ ಇಲ್ಲ. ಆಮೇಲೆ ಆ ಕಾರ್ಖಾನೆ ಮುಚ್ಚಿಹೋಯ್ತು."

ಈ ಉತ್ತರ ಕೇಳಿ ನಾನು ನಿಟ್ಟುಸಿರು ಬಿಟ್ಟೆ, ಸಮಾಧಾನದ್ದು. ಹತ್ತು ವರ್ಷಕ್ಕಿಂತ ಕಡಿಮೆ ಸೇವೆಯಾದವರು ಕೆಲಸ ಬಿಟ್ಟಾಗ ಫಾರಂ 10ಸಿ ತುಂಬಿ ಪೆನ್ಶನ್ ಬಾಬ್ತಿನ ಹಣವನ್ನು ಒಟ್ಟಿಗೆ ತೆಗೆದುಕೊಳ್ಳಬಹುದು. ಹಾಗೆ ತೆಗೆದರೆ ಆ ವರ್ಷಗಳು ಅಲ್ಲಿಗೆ ಸತ್ತವು, ಮುಂದಿನ ಸೇವೆಗೆ ಸೇರುವುದಿಲ್ಲ. ಇವರ ಸೋಮಾರಿತನ ಇವರನ್ನು ಕಾಪಾಡಿತ್ತು. ಎಂಟು ವರ್ಷ ಎಲ್ಲೋ ಕಡತದಲ್ಲಿ ಜೀವಂತ ಇದ್ದವು, ಅವನ್ನು ಈಗಿನ ಖಾತೆಗೆ ತರಬೇಕಿತ್ತು ಅಷ್ಟೆ.

ಅಷ್ಟೆ ಅಂದೆ, ಆದರೆ ಐದು ವರ್ಷ ಮುಂಚೆ ಬನ್ನಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಎಲ್ಲ ಖಾತೆಗಳಿಗೂ ಒಂದೇ ಸಂಖ್ಯೆ, ಅಂದರೆ ಯುಎಎನ್, ಬಂದದ್ದು 2014ರಲ್ಲಿ. ಅದಕ್ಕೆ ಹಿಂದಿನ ಖಾತೆಗಳಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಯಾವುದೋ ಗುಮಾಸ್ತರ ಕೈಬರಹ. ನಮ್ಮ ಕಡೆಯ ಹೆಸರುಗಳಂತೂ ಈ ವ್ಯವಸ್ಥೆಗೆ ದೊಡ್ಡ ಒಗಟು. ಊರಿನ ಹೆಸರಿಗೊಂದು ಅಕ್ಷರ, ಅಪ್ಪನ ಹೆಸರಿಗೊಂದು ಅಕ್ಷರ ಮುಂದೆ ಇಟ್ಟು ಬರೆಯುವುದು ಹಳೆಯ ಪದ್ಧತಿ. ಆಧಾರ್ ಕಾರ್ಡಿನಲ್ಲಿ ಅದೇ ಅಕ್ಷರಗಳು ಹಿಂದೆ ಹೋಗಿರುತ್ತವೆ, ಇಲ್ಲವೇ ಪೂರ್ತಿ ಬಿಡಿಸಿಕೊಂಡಿರುತ್ತವೆ. ಗಣಕಯಂತ್ರದ ಪಾಲಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಮೇಲ್ವಿಚಾರಕರ ಹಳೆಯ ಖಾತೆಯಲ್ಲಿ ಹುಟ್ಟಿದ ವರ್ಷ 1969 ಎಂದಿತ್ತು. ಶಾಲೆಗೆ ಬೇಗ ಸೇರಿಸಲು ಹೇಳಿದ ವರ್ಷವೋ, ಕೆಲಸಕ್ಕೆ ಸೇರುವಾಗ ಯಾರೋ ಊಹಿಸಿ ಬರೆದದ್ದೋ, ಅವರಿಗೂ ನೆನಪಿಲ್ಲ.

ತಿದ್ದುವ ದಾರಿ ಇದೆ. ನೌಕರ ಮತ್ತು ಮಾಲೀಕ ಇಬ್ಬರೂ ಸೇರಿ ಕೊಡುವ ಜಂಟಿ ಘೋಷಣೆ ಎಂಬ ಅರ್ಜಿ. ಮಾಲೀಕರು ಇದ್ದಾಗ ಅದು ಕೆಲವು ವಾರಗಳ ಕೆಲಸ. ಮಾಲೀಕರೇ ಇಲ್ಲದಿದ್ದರೆ ಗೆಜೆಟೆಡ್ ಅಧಿಕಾರಿ ಅಥವಾ ನೋಟರಿಯಂಥವರಿಂದ ದೃಢೀಕರಿಸಿ ಇಲಾಖೆಯ ಕಚೇರಿಗೆ ಕಾಗದ ಸಲ್ಲಿಸಬೇಕು, ಜೊತೆಗೆ ಪುರಾವೆ ಕೊಡಬೇಕು. ಹುಟ್ಟಿದ ತಾರೀಖಿಗೆ ನಮ್ಮಲ್ಲಿ ಎಲ್ಲರ ಬಳಿಯೂ ಸಿಗುವ ಗಟ್ಟಿ ಪುರಾವೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಸೇವೆಗೆ ಹಳೆಯ ನೇಮಕದ ಪತ್ರ, ಸಂಬಳದ ಚೀಟಿ, ಕೊನೆಗೆ ಬಿಡುಗಡೆಯ ಪತ್ರ. ಮೇಲ್ವಿಚಾರಕರ ಹೆಂಡತಿ ಆಗ ಮೊದಲ ಬಾರಿಗೆ ಮಾತಾಡಿದರು. "ಟ್ರಂಕಿನಲ್ಲಿ ಇದೆ. ಇವರು ಎರಡು ಸಲ ಎಸೆಯೋಕೆ ಹೋಗಿದ್ರು."

ತಾರೀಖು ತಿದ್ದಿದ ಮೇಲೆ ಫಾರಂ 13, ಅಂದರೆ ಖಾತೆ ವರ್ಗಾವಣೆಯ ಅರ್ಜಿ. ವರ್ಗಾವಣೆ ಆಯಿತು ಎಂದು ಸಂದೇಶ ಬಂದರೂ ನಾನು ಅಲ್ಲಿಗೆ ಬಿಡುವುದಿಲ್ಲ. ಸೇವೆಯ ಇತಿಹಾಸ ಎಂಬ ಪುಟ ತೆಗೆಸಿ, ಮೊದಲ ಕಾರ್ಖಾನೆ ಬಿಟ್ಟ ದಿನ ಮತ್ತು ಎರಡನೆಯದಕ್ಕೆ ಸೇರಿದ ದಿನ ಒಂದರ ಮೇಲೊಂದು ಏರಿಲ್ಲ ತಾನೇ ಎಂದು ನೋಡುತ್ತೇನೆ. ಕೆಲವರಿಗೆ ಹಣ ಬಂದಿರುತ್ತದೆ, ಸೇವೆ ಬಂದಿರುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಬೀಳುವುದು ಪೆನ್ಶನ್ ಅರ್ಜಿ ವಾಪಸ್ಸು ಬಂದಾಗಲೇ.

ಈಗ ಲೆಕ್ಕ ಹಾಕೋಣ, ಕಾಗದ ಪೆನ್ಸಿಲು ಇದ್ದವರು ಬರೆದುಕೊಳ್ಳಿ. 1998ರ ಸೆಪ್ಟೆಂಬರಿನಿಂದ 2014ರ ಆಗಸ್ಟ್ ತನಕ 16 ವರ್ಷ. 16ನ್ನು 6,500ರಿಂದ ಗುಣಿಸಿ 70ರಿಂದ ಭಾಗಿಸಿದರೆ ಸುಮಾರು 1,486 ರೂಪಾಯಿ. ಅಲ್ಲಿಂದ 2028ರ ಸೆಪ್ಟೆಂಬರಿಗೆ, ಅಂದರೆ 58 ತುಂಬುವ ಹೊತ್ತಿಗೆ, 14 ವರ್ಷ. 14ನ್ನು 15,000ದಿಂದ ಗುಣಿಸಿ 70ರಿಂದ ಭಾಗಿಸಿದರೆ ಸರಿಯಾಗಿ 3,000. ಎರಡೂ ಸೇರಿ 4,486. ಇಪ್ಪತ್ತು ವರ್ಷ ಮೀರಿದ ಸೇವೆಗೆ ಯೋಜನೆಯೇ ಎರಡು ವರ್ಷ ಬೋನಸ್ಸು ಸೇರಿಸುತ್ತದೆ. ಅದನ್ನು ಕೂಡಿಸಿದರೆ 4,800ರ ಆಸುಪಾಸು. ಕಳೆದುಹೋಗಿದ್ದ ಎಂಟು ವರ್ಷ ಸಿಗದೇ ಇದ್ದಿದ್ದರೆ ಇದು ಸುಮಾರು 4,100ಕ್ಕೆ ಇಳಿಯುತ್ತಿತ್ತು. ತಿಂಗಳಿಗೆ 700 ರೂಪಾಯಿ ದೊಡ್ಡದಲ್ಲ ಅನ್ನಿಸಬಹುದು. ಆದರೆ ಈ ಪೆನ್ಶನ್ ತುಟ್ಟಿಭತ್ಯೆಯ ಜೊತೆ ಏರುವುದಿಲ್ಲ. ಮೊದಲ ತಿಂಗಳು ಎಷ್ಟು ನಿಗದಿಯಾಯಿತೋ ಜೀವಮಾನವಿಡೀ ಅಷ್ಟೇ. ಅದಕ್ಕೇ ಮೊದಲ ತಿಂಗಳಿನ ಅಂಕಿ ಸರಿ ಇರಬೇಕು.

ಸಂಬಳ 15,000ಕ್ಕಿಂತ ಕಡಿಮೆ ಇರುವವರಿಗೆ, ಉದಾಹರಣೆಗೆ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳಿಗೆ, ಆ 60 ತಿಂಗಳ ಸರಾಸರಿ ನಿಜವಾಗಿ ಮುಖ್ಯ. 58ರಿಂದ ಹಿಂದಕ್ಕೆ 60 ತಿಂಗಳು ಎಣಿಸಿದರೆ 53 ಆಗುತ್ತದೆ. ಅವರು ನನ್ನ ಹತ್ತಿರ 55ಕ್ಕೆ ಬಂದರೆ ಎರಡು ವರ್ಷ ಆಗಲೇ ಲೆಕ್ಕಕ್ಕೆ ಬಿದ್ದಿರುತ್ತದೆ.

ಇನ್ನು ಪೆನ್ಶನ್ ಯಾವಾಗ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ. ಮೇಲ್ವಿಚಾರಕರಿಗೆ ಅವರ ಕಚೇರಿಯಲ್ಲಿ ಯಾರೋ ಹೇಳಿದ್ದರು, "ಕೆಲಸ ಬಿಟ್ಟ ಮೇಲೇ ಪೆನ್ಶನ್, ಅರವತ್ತರ ತನಕ ಸುಮ್ಮನಿರಿ" ಅಂತ. ಇದು ನಾನು ಅತಿ ಹೆಚ್ಚು ಕೇಳುವ ತಪ್ಪು. 58 ತುಂಬಿ ಹತ್ತು ವರ್ಷದ ಸೇವೆ ಇದ್ದರೆ, ಕೆಲಸದಲ್ಲಿ ಮುಂದುವರಿಯುತ್ತಲೇ ಫಾರಂ 10ಡಿ ಹಾಕಿ ಪೆನ್ಶನ್ ಪಡೆಯಬಹುದು. ಪಿಎಫ್ ಖಾತೆ ತನ್ನಷ್ಟಕ್ಕೆ ಮುಂದುವರಿಯುತ್ತದೆ, ಅದನ್ನು ಮುಚ್ಚಬೇಕಾಗಿಲ್ಲ.

ಬೇಡ, ನಾನು ಕಾಯುತ್ತೇನೆ ಅನ್ನುವವರಿಗೂ ಒಂದು ಬಾಗಿಲು ಇದೆ. ಬರೆದು ಕೊಟ್ಟು 60ರ ತನಕ ಮುಂದೂಡಿದರೆ ವರ್ಷಕ್ಕೆ ಶೇಕಡಾ 4ರಂತೆ ಪೆನ್ಶನ್ ಏರುತ್ತದೆ. ಆ ಎರಡು ವರ್ಷ ಪೆನ್ಶನ್ ಬಾಬ್ತಿಗೆ ವಂತಿಗೆ ಕಟ್ಟದೆಯೂ ಮುಂದೂಡಬಹುದು, ಕಟ್ಟುತ್ತಲೂ ಮುಂದೂಡಬಹುದು. ಕಟ್ಟಿದರೆ ಆ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ. ಏನೂ ಬರೆದುಕೊಡದೆ ತಡವಾಗಿ ಅರ್ಜಿ ಹಾಕಿದರೆ ಈ ಏರಿಕೆ ಸಿಗುವುದಿಲ್ಲ, 58ರಿಂದ ಲೆಕ್ಕ ಹಾಕಿ ಬಾಕಿ ಕೊಡುತ್ತಾರೆ.

ನಾವು ಮೂವರೂ ಕುಳಿತು ಇದನ್ನು ಕಾಗದದ ಮೇಲೆ ಹಾಕಿ ನೋಡಿದೆವು. ವಂತಿಗೆ ಕಟ್ಟದೆ ಎರಡು ವರ್ಷ ಕಾದರೆ 4,800 ಇದ್ದದ್ದು ಸುಮಾರು 5,190 ಆಗುತ್ತದೆ. ಹೆಚ್ಚಿದ್ದು 390. ಅದಕ್ಕಾಗಿ ಬಿಟ್ಟದ್ದು 24 ತಿಂಗಳ ಪೆನ್ಶನ್, ಅಂದರೆ 1,15,200 ರೂಪಾಯಿ. 390ರಂತೆ ಅದು ವಾಪಸ್ಸು ಬರಲು 24 ವರ್ಷಕ್ಕೂ ಹೆಚ್ಚು ಬೇಕು. ಮೇಲ್ವಿಚಾರಕರಿಗೆ ಆಗ 84 ದಾಟಿರುತ್ತದೆ.

ವಂತಿಗೆ ಕಟ್ಟುತ್ತಾ ಕಾದರೆ ಪೆನ್ಶನ್ ಸುಮಾರು 5,640 ಆಗುತ್ತದೆ. ಇದು ನೋಡಲು ಚೆನ್ನಾಗಿದೆ, 840 ಹೆಚ್ಚು. ಆದರೆ ಈ ದಾರಿಯಲ್ಲಿ ಬಿಟ್ಟ ಪೆನ್ಶನ್ ಜೊತೆಗೆ, ತಿಂಗಳಿಗೆ 1,250ರಂತೆ 30,000 ರೂಪಾಯಿ ಅವರ ಪಿಎಫ್ ಖಾತೆಗೆ ಹೋಗುವ ಬದಲು ಪೆನ್ಶನ್ ಬಾಬ್ತಿಗೆ ಹೋಗುತ್ತದೆ. ಒಟ್ಟು 1,45,200. ಆ ಹಣವನ್ನು ಶೇಕಡಾ 8.2ರ ಬಡ್ಡಿಗೆ ಇಟ್ಟರೆ ತಿಂಗಳಿಗೆ 990 ರೂಪಾಯಿ ಬರುತ್ತದೆ, ಅಸಲು ಹಾಗೇ ಉಳಿಯುತ್ತದೆ. ಪೆನ್ಶನ್ನಿನಲ್ಲಿ ಅಸಲು ಎಂಬುದೇ ಇಲ್ಲ. ಹಿಂದೆ ಒಂದು ಭಾಗವನ್ನು ಮುಂಗಡವಾಗಿ ಪಡೆಯುವ ಸೌಲಭ್ಯ ಇತ್ತು, 2008ರಲ್ಲಿ ಅದೂ ಹೋಯಿತು.

ಹಾಗಾಗಿ ಇವರಿಗೆ ನನ್ನ ಸಲಹೆ ನೇರವಾಗಿತ್ತು. 58 ತುಂಬಿದ ಕೂಡಲೇ ಅರ್ಜಿ ಹಾಕಿ. ಸಂಬಳ ಬರುತ್ತಿರುವಾಗ ಆ ಪೆನ್ಶನ್ ಮುಟ್ಟಬೇಡಿ, ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟಿ. ನೂರು ವರ್ಷ ಬದುಕುವ ಮನೆತನದವರು ಬಂದರೆ ಬೇರೆ ಮಾತು ಹೇಳುತ್ತೇನೋ ಏನೋ. ಇದುವರೆಗೆ ಹಾಗೆ ಹೇಳುವ ಲೆಕ್ಕ ನನ್ನ ಮೇಜಿಗೆ ಬಂದಿಲ್ಲ.

58ರ ನಂತರ ಒಂದು ಕಡೆ ಕಣ್ಣಿಡಬೇಕು. ಈಗ ಅವರ ಮಾಲೀಕರು ಸಂಬಳದ ಶೇಕಡಾ 12, ಅಂದರೆ 3,600 ರೂಪಾಯಿ ಕಟ್ಟುತ್ತಾರೆ. ಅದರಲ್ಲಿ 1,250 ಪೆನ್ಶನ್ ಬಾಬ್ತಿಗೆ, 2,350 ಪಿಎಫ್‌ಗೆ. 58 ತುಂಬಿದ ಮೇಲೆ, ಮುಂದೂಡುವ ಆಯ್ಕೆ ಮಾಡದಿದ್ದರೆ, ಪೆನ್ಶನ್ ಅಂಕಣದಲ್ಲಿ ಸೊನ್ನೆ ಬರಬೇಕು. ಪೂರ್ತಿ ಮೊತ್ತ ಪಿಎಫ್ ಅಂಕಣಕ್ಕೆ ಸೇರಬೇಕು. ಸಂಬಳ ವಿಭಾಗದವರು ಇದನ್ನು ಮರೆಯುವುದು ಸಾಮಾನ್ಯ. 1,250 ಹಾಗೇ ಹೋಗುತ್ತಿದ್ದರೆ ಹಣವೂ ತಪ್ಪು ಕಡೆ, ಮುಂದೆ ಪಿಎಫ್ ಲೆಕ್ಕ ಮುಗಿಸುವಾಗ ತಗಾದೆಯೂ ಉಂಟು. 2028ರ ಅಕ್ಟೋಬರಿನ ಪಾಸ್‌ಬುಕ್ ನೋಡಿದರೆ ಗೊತ್ತಾಗಿಬಿಡುತ್ತದೆ. ಮೇಲ್ವಿಚಾರಕರ ಹೆಂಡತಿ ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. 2028ರ ಕ್ಯಾಲೆಂಡರ್ ಇನ್ನೂ ಅಚ್ಚಾಗಿಲ್ಲ, ಅದು ಬೇರೆ ಮಾತು.

ಇದರ ಎದುರು ಬದಿಯೂ ಇದೆ. 56ರಲ್ಲಿ ಕಾರ್ಖಾನೆ ಮುಚ್ಚಿದರೆ? 50 ದಾಟಿ ಕೆಲಸ ಕಳೆದುಕೊಂಡವರು 58ಕ್ಕೆ ಮೊದಲೇ ಪೆನ್ಶನ್ ಕೇಳಬಹುದು, ಆದರೆ ಕಡಿಮೆ ಬಿದ್ದ ಪ್ರತಿ ವರ್ಷಕ್ಕೂ ಶೇಕಡಾ 4 ಕಡಿತ, ಅದೂ ಶಾಶ್ವತವಾಗಿ. 58 ಬಂದಾಗ ಪೂರ್ತಿ ಆಗಿಬಿಡುತ್ತದೆ ಎಂದು ನಂಬಿದವರನ್ನು ನೋಡಿದ್ದೇನೆ. ಆಗುವುದಿಲ್ಲ. ಕೈಯಲ್ಲಿ ಬೇರೆ ಆಸರೆ ಇದ್ದರೆ, ಯೋಜನಾ ಪ್ರಮಾಣಪತ್ರ ಪಡೆದು ಇಟ್ಟುಕೊಂಡು 58ರ ತನಕ ಕಾಯುವುದು ಮೇಲು. ಬೇರೆ ಕಡೆ ಕೆಲಸ ಸಿಕ್ಕರೆ ಅದೇ ಸೇವೆ ಮುಂದುವರಿಯುತ್ತದೆ.

ಪೆನ್ಶನ್ ಇಷ್ಟಾಯಿತು. ಉಳಿದ ಎರಡು ಮೂಲ ಪಿಎಫ್ ಮತ್ತು ಗ್ರಾಚ್ಯುಟಿ. ಇವೆರಡೂ ಬರುವುದು 60ಕ್ಕೆ, ಕೆಲಸ ಬಿಟ್ಟ ಮೇಲೆ. ಗ್ರಾಚ್ಯುಟಿಯ ಲೆಕ್ಕ ಕಷ್ಟವಲ್ಲ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಇಲ್ಲಿ ಮೊದಲ ಕಾರ್ಖಾನೆಯ ಸೇವೆ ಸೇರುವುದಿಲ್ಲ, ಏಕೆಂದರೆ ಗ್ರಾಚ್ಯುಟಿ ಆಯಾ ಮಾಲೀಕರ ಋಣ. ಈಗಿನ ಕಾರ್ಖಾನೆಯಲ್ಲಿ 2030ಕ್ಕೆ 24 ವರ್ಷ. ಆ ಹೊತ್ತಿಗೆ ಸಂಬಳ 36,000 ಆಗಿದ್ದರೆ ಸುಮಾರು 4,98,000 ಬರುತ್ತದೆ. ಪಿಎಫ್ ಈಗಿನ ವೇಗದಲ್ಲಿ ಹೋದರೆ, ಸಾಲವಾಗಲಿ ಮುಂಗಡವಾಗಲಿ ತೆಗೆಯದಿದ್ದರೆ, 22 ಲಕ್ಷ ಮುಟ್ಟಬಹುದು ಎಂದು ಅಂದಾಜು ಮಾಡಿದೆವು.

ಇಲ್ಲಿ ಒಂದು ಸಣ್ಣ ಕಾಗದ ಎಲ್ಲವನ್ನೂ ಕೆಡಿಸಬಲ್ಲದು. 1998ರಲ್ಲಿ ಮದುವೆಗೆ ಮುಂಚೆ ಅವರು ಪಿಎಫ್ ನಾಮನಿರ್ದೇಶನದಲ್ಲಿ ತಾಯಿಯ ಹೆಸರು ಬರೆದಿದ್ದರು. ಮದುವೆಯಾದ ಮೇಲೆ ಆ ನಾಮನಿರ್ದೇಶನ ಸಿಂಧುವಲ್ಲ. ತಾಯಿ ತೀರಿಕೊಂಡು ಹತ್ತು ವರ್ಷವಾಗಿದೆ. ಹೊಸದಾಗಿ ಹೆಂಡತಿ ಮಕ್ಕಳ ಹೆಸರು ಸೇರಿಸುವುದು ಆಧಾರ್ ಇದ್ದರೆ ಆನ್‌ಲೈನಿನಲ್ಲಿ ಅರ್ಧ ಗಂಟೆಯ ಕೆಲಸ. ಆ ಭಾನುವಾರವೇ ಮಾಡಿಸಿದೆ. ಪೆನ್ಶನ್ನಿನಲ್ಲಿ ಹೆಂಡತಿಗೆ ಹಕ್ಕು ತಾನಾಗಿಯೇ ಇದೆ, ಗಂಡನ ಪೆನ್ಶನ್ನಿನ ಅರ್ಧ. ಇವರ ಲೆಕ್ಕದಲ್ಲಿ 2,400. ಆದರೆ ಆಕೆಯ ಹೆಸರು, ಹುಟ್ಟಿದ ತಾರೀಖು ಇಲಾಖೆಯ ದಾಖಲೆಯಲ್ಲಿ ಇರಬೇಕಲ್ಲ.

27 ಲಕ್ಷ ಕೈಗೆ ಬಂದಾಗ ಏನು ಮಾಡುವುದು? ಅವರ ಬಳಿ ಆಗಲೇ ಇಬ್ಬರು ಬಂದು ಹೋಗಿದ್ದರಂತೆ, ಒಬ್ಬರು ನೆಲಮಂಗಲದ ಆಚೆ ನಿವೇಶನ ತೋರಿಸುವವರು, ಇನ್ನೊಬ್ಬರು ವಿಮೆಯವರು. ನಾನು ಹೇಳಿದ್ದು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. 60 ತುಂಬಿದವರು 30 ಲಕ್ಷದ ತನಕ ಇಡಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬೀಳುತ್ತದೆ, ಅವಧಿ ಐದು ವರ್ಷ. 2023ರ ಏಪ್ರಿಲಿನಿಂದ ಈ ಯೋಜನೆಯ ಬಡ್ಡಿ ಶೇಕಡಾ 8.2. ಕಂಪನಿಯ ನಿಯಮದಂತೆ 58ಕ್ಕೇ ನಿವೃತ್ತರಾಗುವವರೂ ಸೇರಬಹುದು, ಆದರೆ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇಡಬೇಕು, ಆ ಹಣಕ್ಕಿಂತ ಹೆಚ್ಚು ಇಡುವಂತಿಲ್ಲ. ಮಾಲೀಕರಿಂದ ಪತ್ರವೂ ಬೇಕು. ಮಗಳ ಮದುವೆಗೆಂದು ಒಂದು ವರ್ಷ ಹಣ ಉಳಿತಾಯ ಖಾತೆಯಲ್ಲಿ ಬಿಟ್ಟು ಆಮೇಲೆ ಬರುವವರಿಗೆ, 60 ತುಂಬುವ ತನಕ ಬಾಗಿಲು ಮುಚ್ಚಿರುತ್ತದೆ.

ಬಡ್ಡಿಯ ವಿಚಾರದಲ್ಲಿ ನಾನು ಸ್ವಲ್ಪ ಜಿಪುಣ. ಇವತ್ತಿನ 8.2 ಎನ್ನುವುದು ಇವತ್ತು ಖಾತೆ ತೆರೆಯುವವರಿಗೆ. ಹೊಸ ಖಾತೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ. 2030ರಲ್ಲಿ ತೆರೆಯುವವರಿಗೆ ಅಂದಿನ ದರ. ಹಾಗಾಗಿ ಲೆಕ್ಕವನ್ನು ಶೇಕಡಾ 7ಕ್ಕೆ ಹಾಕಿದೆ. 20 ಲಕ್ಷ ಇಟ್ಟರೆ ತಿಂಗಳಿಗೆ ಸುಮಾರು 11,670. ಪೆನ್ಶನ್ 4,800. ಒಟ್ಟು 16,470. ಮನೆ ಸ್ವಂತದ್ದು, ಬಾಡಿಗೆ ಇಲ್ಲ. ಆದರೂ ಈಗಿನ ಮನೆಖರ್ಚು 22,000. ಕೊರತೆ ಅಂಕಿಯಲ್ಲಿ ಕಂಡಾಗ ಮೇಲ್ವಿಚಾರಕರು ಸುಮ್ಮನಾದರು. ಉಳಿದ 7 ಲಕ್ಷ ಪಿಎಫ್‌ನಲ್ಲೇ ಸ್ವಲ್ಪ ಕಾಲ ಬಿಡಬಹುದು, ಕೆಲಸ ಬಿಟ್ಟ ಮೇಲೂ ಮೂರು ವರ್ಷದವರೆಗೆ ಬಡ್ಡಿ ಬರುತ್ತದೆ, ಆ ಬಡ್ಡಿಗೆ ತೆರಿಗೆ ಲೆಕ್ಕ ಇದೆ ಅಷ್ಟೆ. ಆದರೆ ತಿಂಗಳ ಐದೂವರೆ ಸಾವಿರದ ಕೊರತೆಗೆ ಅದು ಉತ್ತರವಲ್ಲ. ಉತ್ತರ ಇರುವುದು ಮುಂದಿನ ಐದು ವರ್ಷದ ಸಂಬಳದಲ್ಲಿ. ಮುಂದಿನ ವರ್ಷ ಸ್ಕೂಟರ್ ಸಾಲ ತೀರಿದಾಗ ಉಳಿಯುವ ಕಂತಿನ ಹಣವನ್ನು ಪಿಎಫ್‌ಗೇ ಸ್ವಇಚ್ಛೆಯ ಹೆಚ್ಚುವರಿ ವಂತಿಗೆಯಾಗಿ ಕಟ್ಟುವುದು ಎಂದು ನಿರ್ಧಾರವಾಯಿತು. ಪೂರ್ತಿ ತುಂಬುವುದಿಲ್ಲ, ಕೊರತೆ ಕಿರಿದಾಗುತ್ತದೆ.

ಕೊನೆಗೆ ಕೇಳಿದ್ದು ಆರೋಗ್ಯ. ಮೇಲ್ವಿಚಾರಕರಿಗೆ ಬಿಪಿ ಇದೆ, ಎರಡು ವರ್ಷದಿಂದ ಸಕ್ಕರೆಯೂ ಸೇರಿಕೊಂಡಿದೆ. ಕಾರ್ಖಾನೆಯ ಗುಂಪು ವಿಮೆ ಇದೆ ಎಂದು ನಿಶ್ಚಿಂತೆ. ಅದು ಕೆಲಸದ ಕೊನೆಯ ದಿನ ಮುಗಿಯುತ್ತದೆ. 60ರಲ್ಲಿ ಹೊಸದಾಗಿ ಸ್ವಂತ ವಿಮೆ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದ ತನಕ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು ನಾಲ್ಕು ವರ್ಷವಿತ್ತು. ಈಗಲೇ, 55ರಲ್ಲೇ, ಸಣ್ಣ ಮೊತ್ತದ ಸ್ವಂತ ವಿಮೆ ಮಾಡಿಸಿ ಬಿಪಿ ಸಕ್ಕರೆ ಎರಡನ್ನೂ ಮುಚ್ಚಿಡದೆ ಬರೆದರೆ, ಕಾಯುವ ಕಾಲ ಕಂಪನಿ ವಿಮೆಯ ನೆರಳಿನಲ್ಲೇ ಕಳೆದುಹೋಗುತ್ತದೆ. 60ರಲ್ಲಿ ಒಂದು ನಿಲ್ಲುವಾಗ ಇನ್ನೊಂದು ಪೂರ್ತಿ ಸಿದ್ಧವಾಗಿರುತ್ತದೆ. ಇದಕ್ಕೆ ಐದು ವರ್ಷ ಮುಂಚಿತವೇ ಸರಿಯಾದ ಹೊತ್ತು. ಕಂತು ಈಗಿನಿಂದ ಕಟ್ಟಬೇಕಲ್ಲ ಎಂಬ ಸಂಕಟ ಇದ್ದೇ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅವರು ಕಾಗದ ಜೋಡಿಸಿಕೊಂಡು ಏಳುವಾಗ ಆಕೆ ಬಾಗಿಲ ಬಳಿ ನಿಂತು ಕೇಳಿದರು. "ಸಾರ್, ನಾನೂ ಮದುವೆಗೆ ಮುಂಚಿನಿಂದ ಗಾರ್ಮೆಂಟ್ಸ್‌ನಲ್ಲಿ ಇದ್ದೆ. ಅಮ್ಮನಿಗೆ ಹುಷಾರಿಲ್ಲ ಅಂತ ಬಿಟ್ಟೆ. ನನ್ನದೂ ಪಿಎಫ್ ನಂಬರ್ ಒಂದು ಚೀಟಿಯಲ್ಲಿದೆ. ಅದಕ್ಕೇನಾದ್ರೂ ಬರುತ್ತಾ?"

"ಎಷ್ಟು ವರ್ಷ ಇದ್ರಿ ಅಮ್ಮ?"

"ಒಂಬತ್ತು ವರ್ಷ ಏಳು ತಿಂಗಳು."

ನಾನು ಮತ್ತೆ ಕುರ್ಚಿ ಎಳೆದುಕೊಂಡೆ. ಸೇವೆಯಲ್ಲಿ ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷ ಎಂದು ಎಣಿಸುತ್ತಾರೆ. ಒಂಬತ್ತು ವರ್ಷ ಏಳು ತಿಂಗಳು ಅಂದರೆ ಹತ್ತು ವರ್ಷ. ಹತ್ತು ಅಂದರೆ ಪೆನ್ಶನ್. ಅವರ ಆಗಿನ ಸಂಬಳಕ್ಕೆ ಸೂತ್ರ ಹಾಕಿದರೆ ಐನೂರು ರೂಪಾಯಿಯೂ ಬರುವುದಿಲ್ಲ, ಆದರೆ 2014ರಿಂದ ಕನಿಷ್ಠ ಪೆನ್ಶನ್ 1,000 ಎಂದು ನಿಗದಿಯಾಗಿದೆ. ಆಕೆಗೆ ಈಗ 51. ಬೇಗ ಬೇಕೆಂದು ಕಡಿತದ ಪೆನ್ಶನ್ ಕೇಳಬೇಡಿ, ಯಾರಾದರೂ ಒಟ್ಟಿಗೆ ಹಣ ತೆಗೆಸಿಕೊಡುತ್ತೇವೆ ಅಂದರೆ ಸಹಿ ಹಾಕಬೇಡಿ, 58ರ ತನಕ ಇರಲಿ ಎಂದೆ.

ಮೇಲ್ವಿಚಾರಕರು ಹೆಂಡತಿಯ ಮುಖ ನೋಡಿದರು. "ಇಷ್ಟು ವರ್ಷ ನನಗೆ ಹೇಳಲೇ ಇಲ್ಲವಲ್ಲೇ" ಅಂದರು.

"ನೀವು ಕೇಳಲೇ ಇಲ್ಲ" ಅಂದರು ಆಕೆ. ಮುಂದಿನ ಭಾನುವಾರ ಟ್ರಂಕನ್ನೇ ಹೊತ್ತು ತರುತ್ತಾರಂತೆ.